ಕಾರ್ ಪಾರ್ಕಿಂಗ್‌ನಲ್ಲಿ ಹಾಡಿದ ತ್ರಿಪದಿ

ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಹೆಚ್ಚುಕಮ್ಮಿ ಅರ್ಧ ಗಂಟೆ ದಾರಿ. ಅಷ್ಟು ಹತ್ತಿರ ಇರೋದರಿಂದಲೇ ನಮ್ಮ ಕಡೆ ಒಂದು ಮಗು ಓದೋಕೆ ಹೊರಟರೆ ಮನೆಮಂದಿಯೆಲ್ಲ ಗಾಡಿ ಹತ್ತುತ್ತಾರೆ. ನಾನು ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುವವಳು. ಹಾಗಾಗಿ "ನೀವೊಂದು ಹಾಡು ಹೇಳಿ" ಅನ್ನೋದು ನನ್ನ ಪಾಲಿಗೆ ಬಂದೇ ಬರುತ್ತದೆ.

ಮೊದಲ ಸಲ ಪಕ್ಕದ ಮನೆಯ ಹುಡುಗಿ ಐರ್ಲೆಂಡಿಗೆ ಹೊರಟಾಗ ಅಡಿಗರ 'ಯಾವ ಮೋಹನ ಮುರಲಿ' ಹಾಡಿದೆ. ಕೆಟ್ಟ ಆಯ್ಕೆ. ಹಾಡಿನಲ್ಲಿ ದೋಷವಿಲ್ಲ, ಜಾಗ ತಪ್ಪು. ದೂರದ ಕರೆಗೆ ಓಗೊಟ್ಟು ಹೊರಟವರನ್ನು ಅದು ಪ್ರಶ್ನೆ ಕೇಳುತ್ತದೆ. ಟ್ರಾಲಿ ಹಿಡಿದು ನಿಂತ ಹುಡುಗಿಗೆ "ಇಲ್ಲಿ ನಿನಗೇನು ಕಡಿಮೆಯಾಗಿತ್ತು" ಅಂದಂತೆ ಕೇಳಿಸಿತು, ಮುಖ ಸಣ್ಣದಾಯಿತು. ಸಾಲದ್ದಕ್ಕೆ ನಾವು ನಿಂತಿದ್ದು ಗೇಟಿನ ಎದುರು. ಹಾರನ್ನು, ಸೀಟಿ, "ಗಾಡಿ ತೆಗೀರಿ ಸಾರ್". ಎರಡನೇ ಚರಣ ಅರ್ಧಕ್ಕೇ ನಿಂತಿತು.

ಹೋದ ವರ್ಷ ನನ್ನ ಮಗನೇ ಜರ್ಮನಿಗೆ ಹೊರಟ. ಈ ಸಲ ಹೆಣ್ಣೊಪ್ಪಿಸುವ ಹಾಡಿನ ಜಾಡು ಹಿಡಿಯೋಣ ಅಂದುಕೊಂಡೆ. ಆದರೆ ಅಲ್ಲಿ ಒಪ್ಪಿಸಿಕೊಳ್ಳುವವರು ಎದುರಿಗೆ ಕೂತಿರುತ್ತಾರೆ. "ನಮ್ಮ ಮಗಳನ್ನು ನೋಡಿಕೊಳ್ಳಿ" ಅಂತ ಅವರಿಗೆ ಹೇಳಬಹುದು. ಏರ್‌ಪೋರ್ಟಿನಲ್ಲಿ ಯಾರಿಗೆ ಒಪ್ಪಿಸೋದು, ಪಾಸ್‌ಪೋರ್ಟ್ ನೋಡುವ ಜವಾನನಿಗಾ? ಅದಕ್ಕೆ ಮಗನಿಗೇ ಹೇಳುವ ಮಾತನ್ನು ಒಂದು ತ್ರಿಪದಿಯಾಗಿ ಕಟ್ಟಿದೆ:

ಹಸಿವಾದ ಹೊತ್ತಲ್ಲಿ ಹುರಿಹಿಟ್ಟು ಕಲಸೀಕೊ
ಬಿಸಿನೀರು ಇರಲಿ ಬದಿಯಲ್ಲಿ ನನಕಂದ
ಹೊಸನಾಡು ನಿನಗೆ ಒಲಿಯಾಲಿ

ತ್ರಿಪದಿಯೇ ಯಾಕೆ ಅಂದರೆ, ಮೂರೇ ಸಾಲು, ನಿಧಾನವಾಗಿ ಹಾಡಿದರೂ ಅರ್ಧ ನಿಮಿಷ. "ಬಿಸಿನೀರು ಇರಲಿ ಬದಿಯಲ್ಲಿ" ಅನ್ನೋದನ್ನು ಒಮ್ಮೆ ಹಾಡಿ ನಿಲ್ಲಿಸಿ, ಮತ್ತೆ ಅದನ್ನೇ ಎತ್ತಿಕೊಂಡು 'ನನಕಂದ' ಸೇರಿಸಿ ಮೂರನೇ ಸಾಲಿಗೆ ಇಳಿಯಬೇಕು. ಆ ನಿಲುಗಡೆಯಲ್ಲಿ ಉಸಿರು ಸಿಗುತ್ತದೆ, ಗಂಟಲು ಕಟ್ಟಿದವರು ಸುಧಾರಿಸಿಕೊಳ್ಳುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಬಾಗೇಪಲ್ಲಿಯ ನೆಂಟರದು ಮನೆಮಾತು ತೆಲುಗು, ಅವರೂ ಎರಡನೇ ಸಲಕ್ಕೆ ಹಿಡಿದುಬಿಟ್ಟರು. ಪ್ರಾಸ ಸರಿ ಬಿದ್ದಿದ್ದಕ್ಕಿಂತ ಹುರಿಹಿಟ್ಟು ಬಂದಿದ್ದು ನನಗೆ ಖುಷಿ. ಅವನ ಸೂಟ್‌ಕೇಸಿನಲ್ಲಿ ನಿಜಕ್ಕೂ ಎರಡು ಕೆ.ಜಿ. ರಾಗಿ ಹುರಿಹಿಟ್ಟಿತ್ತು.

ಎಡವಿದ್ದು ರಾಗದಲ್ಲಿ. ಮೊದಲು ಶಿವರಂಜಿನಿಯಲ್ಲಿ ಕೂರಿಸಿದ್ದೆ. ಹಿಂದಿನ ದಿನ ಹಜಾರದಲ್ಲಿ ಹಾಡಿ ನೋಡಿದರೆ ಎರಡನೇ ಸಾಲಿಗೇ ನಮ್ಮತ್ತೆ ಸೆರಗು ಬಾಯಿಗಿಟ್ಟುಕೊಂಡರು, ನಾದಿನಿ ಒಳಗೆದ್ದು ಹೋದಳು, ಮೂರನೇ ಸಾಲು ಹಾಡೋಕೆ ಒಬ್ಬರೂ ಉಳಿಯಲಿಲ್ಲ. ಮಗ ಮಾತ್ರ "ಅಮ್ಮ, ನಾನೇನು ಸತ್ತಿದ್ದೀನಾ?" ಅಂದ. "ಬಿಡ್ತು ಅನ್ನು" ಅಂತ ಗದರಿದೆ, ಆದರೆ ಅವನು ಹೇಳಿದ್ದು ಸರಿಯಾಗಿತ್ತು.

ಸಾಹಿತ್ಯ ಮುಟ್ಟಲಿಲ್ಲ. ಬದಲಾಯಿಸಿದ್ದು ಒಂದೇ ಒಂದು ಸ್ವರ. ಶಿವರಂಜಿನಿಗೂ ಮೋಹನ ರಾಗಕ್ಕೂ ಸ, ರಿ, ಪ, ದ ಎಲ್ಲ ಒಂದೇ. ಅಲ್ಲಿ ಸಾಧಾರಣ ಗಾಂಧಾರ, ಇಲ್ಲಿ ಅಂತರ ಗಾಂಧಾರ. ಗಾಂಧಾರವನ್ನು ಅಷ್ಟು ಮೇಲಕ್ಕೆ ಎತ್ತಿದ್ದೇ ತಡ ಅದೇ ಹಾಡು ಆರತಿ ಹಾಡಿನ ಹಾಗೆ ಬೆಳಗಿತು. ಜೊತೆಗೆ ಶ್ರುತಿಯನ್ನು ಐದರಿಂದ ನಾಲ್ಕಕ್ಕೆ ಇಳಿಸಿದೆ, ಧೈವತ ದಾಟಿ ಮೇಲಕ್ಕೆ ಹೋಗದಂತೆ ನೋಡಿಕೊಂಡೆ. ಅಳು ಒತ್ತರಿಸಿದಾಗ ಮೊದಲು ಒಡೆಯೋದು ಮೇಲಿನ ಸ್ವರ. ನುಂಗಿಕೊಳ್ಳುತ್ತಾ ಹಾಡುತ್ತಿದ್ದೀರಿ ಅಂದರೆ ಶ್ರುತಿ ಇನ್ನೂ ಇಳಿಯಬೇಕು ಅಂತ ಅರ್ಥ.

ಬೆಳಗಿನ ಜಾವದ ವಿಮಾನ. ರಾತ್ರಿ ಹನ್ನೊಂದಕ್ಕೆಲ್ಲ ಎರಡನೇ ಟರ್ಮಿನಲ್ ತಲುಪಿದೆವು. ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ, ಮಿಕ್ಕವರು ಬಾಗಿಲಲ್ಲೇ ನಿಲ್ಲಬೇಕು. ಹಾಗಾಗಿ ಪಾರ್ಕಿಂಗ್‌ನಲ್ಲಿ, ಡಿಕ್ಕಿ ತೆರೆದಿಟ್ಟುಕೊಂಡೇ ಹಾಡಿಬಿಟ್ಟೆವು. ಹನ್ನೊಂದು ಜನ, ಸಣ್ಣ ದನಿಯಲ್ಲಿ, ಎರಡು ಸಲ. ಭಾವನವರು ಬ್ಲೂಟೂತ್ ಸ್ಪೀಕರ್ ತಂದಿದ್ದರು, ಕೈಮುಗಿದು ಒಳಗಿಡಿಸಿದೆ. ಮೊಬೈಲ್ ಕೂಡ ಬೇಡ ಅಂದಿದ್ದೆ, ವಿಡಿಯೋ ತೆಗೆಯುವವರು ಹಾಡುವುದಿಲ್ಲ. ಮಗ ಕೊನೆಗೆ ನಮ್ಮತ್ತೆಯ ಕಾಲಿಗೆ ಬಿದ್ದು, "ಬದಿಯಲ್ಲಿ" ಅನ್ನೋದನ್ನು ತಾನೂ ಗುನುಗುತ್ತಾ ಟ್ರಾಲಿ ತಳ್ಳಿದ. ಬಾಗಿಲಲ್ಲಿ ಯಾರೂ ಹಾಡಲಿಲ್ಲ, ಕೈ ಬೀಸಿದೆವು ಅಷ್ಟೆ.

ವಾಪಸ್ ಬರುವಾಗ ಕಾರಿನಲ್ಲಿ ಮಾತಿಲ್ಲ. ನಂದಿ ಬೆಟ್ಟದ ಕ್ರಾಸ್ ಹತ್ತಿರ ಬರುವಾಗ ನಮ್ಮನೆಯವರು, ಈ ಇಪ್ಪತ್ತೈದು ವರ್ಷದಲ್ಲಿ ಒಂದು ಹಾಡು ಹೇಳದವರು, ಸ್ಟಿಯರಿಂಗ್ ಮೇಲೆ ಬೆರಳು ತಟ್ಟುತ್ತಾ ಅದನ್ನೇ ಗುನುಗತೊಡಗಿದರು. ಗಾಂಧಾರ ಕೆಳಗೆ ಜಾರಿ ಶಿವರಂಜಿನಿಗೇ ಹೋಗಿತ್ತು. ನಾನು ತಿದ್ದಲಿಲ್ಲ.