ಒಂಬತ್ತು ಮನೆಯ ಪಟ: ಯಾವ ವ್ಯಾಪಾರಕ್ಕೆ ದುಡ್ಡು ಹಾಕಬೇಕು?

ದಾವಣಗೆರೆಯಲ್ಲಿ ಒಂದು ಕೂಡುಕುಟುಂಬ ಇದೆ ಅಂದುಕೊಳ್ಳಿ. ನಾಲ್ಕು ವ್ಯಾಪಾರ. ಅಪ್ಪ ಕಟ್ಟಿದ ಅಕ್ಕಿ ಗಿರಣಿ. ದೊಡ್ಡ ಮಗನ ಡ್ರಿಪ್ ಅಂಗಡಿ. ಚನ್ನಗಿರಿ ಕಡೆಯ ಅಡಿಕೆ ತೋಟಗಳಿಗೆ ಪೈಪು ಕೊಟ್ಟು ಜೋಡಿಸಿಕೊಡುತ್ತಾರೆ. ಚಿಕ್ಕ ಮಗನ ಮೂರು ಲಾರಿ. ಹಿರಿಸೊಸೆ ಎರಡು ವರ್ಷದ ಹಿಂದೆ ಶುರು ಮಾಡಿದ ಸಿರಿಧಾನ್ಯದ ತಿಂಡಿ ಪ್ಯಾಕೆಟ್. ಈ ವರ್ಷ ಕೈಯಲ್ಲಿ 60 ಲಕ್ಷ ರೂಪಾಯಿ ಇದೆ. ನಾಲ್ವರೂ ಕೇಳುತ್ತಿದ್ದಾರೆ. ನಾಲ್ವರ ಲೆಕ್ಕದಲ್ಲೂ ಮುಂದಿನ ವರ್ಷ ಭರ್ಜರಿ ಲಾಭ!

1970ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೂ ಇದೇ ತಲೆನೋವಿತ್ತು. ಬಲ್ಬಿನಿಂದ ವಿಮಾನದ ಎಂಜಿನ್‌ವರೆಗೆ ಹತ್ತಾರು ವಿಭಾಗ, ಎಲ್ಲರಿಗೂ ಬಂಡವಾಳ ಬೇಕು. ಆಗ ಮೆಕಿನ್ಸಿ ಎಂಬ ಸಲಹಾ ಸಂಸ್ಥೆಯ ಜೊತೆ ಸೇರಿ ಮಾಡಿಕೊಂಡದ್ದೇ ಈ ಒಂಬತ್ತು ಮನೆಯ ಪಟ. ಅದಕ್ಕೂ ಮೊದಲು ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪಿನ ನಾಲ್ಕು ಮನೆಯ ಪಟ ಬಂದಿತ್ತು. ಅದು ಎರಡನ್ನೇ ಅಳೆಯುತ್ತಿತ್ತು: ಮಾರುಕಟ್ಟೆ ಎಷ್ಟು ಬೆಳೆಯುತ್ತಿದೆ, ಅದರಲ್ಲಿ ನಮ್ಮ ಪಾಲು ಎಷ್ಟು. ಅಷ್ಟು ಸಾಲದು ಅನ್ನಿಸಿದ್ದರಿಂದ ಒಂದೊಂದು ಅಂಚಿಗೂ ಹಲವು ಅಂಶಗಳನ್ನು ಸೇರಿಸಿದರು.

ನಿಂತ ಅಂಚಿನಲ್ಲಿ ಮಾರುಕಟ್ಟೆಯ ಸೆಳೆತ, ಮಲಗಿದ ಅಂಚಿನಲ್ಲಿ ಅಲ್ಲಿ ನಮ್ಮ ತಾಕತ್ತು. ‘ಬಲ’ ಅಂತ ಬರೆದರೆ ಬಲಗಡೆಯೋ ಶಕ್ತಿಯೋ ಅನ್ನೋ ಗೊಂದಲ, ಅದಕ್ಕೇ ತಾಕತ್ತು.

| | ತಾಕತ್ತು ಜಾಸ್ತಿ | ಮಧ್ಯಮ | ಕಡಿಮೆ |
|---|---|---|---|
| ಸೆಳೆತ ಜಾಸ್ತಿ | ಹಸಿರು | ಹಸಿರು | ಹಳದಿ |
| ಮಧ್ಯಮ | ಹಸಿರು | ಹಳದಿ | ಕೆಂಪು |
| ಕಡಿಮೆ | ಹಳದಿ | ಕೆಂಪು | ಕೆಂಪು |

ಹಸಿರಿಗೆ ದುಡ್ಡು ಹಾಕಿ. ಹಳದಿಗೆ ಯೋಚಿಸಿ, ಅಳೆದು ಹಾಕಿ. ಕೆಂಪಿನಿಂದ ಹೊರಗೆ ತೆಗೆಯಿರಿ. ಪಟ ಇಷ್ಟೇ. ಕಷ್ಟ ಇರುವುದು ಒಂದೊಂದು ವ್ಯಾಪಾರ ಯಾವ ಮನೆಗೆ ಸೇರುತ್ತದೆ ಅಂತ ಜಗಳವಿಲ್ಲದೆ ತೀರ್ಮಾನಿಸುವುದರಲ್ಲಿ.

ಮೊದಲು: ಯಾವುದು ಬೇರೆ ವ್ಯಾಪಾರ?

ತನ್ನದೇ ಗಿರಾಕಿ, ತನ್ನದೇ ಪೈಪೋಟಿ, ತನ್ನದೇ ಲೆಕ್ಕ ಇದ್ದರೆ ಅದು ಬೇರೆ ವ್ಯಾಪಾರ. ನಮ್ಮ ಮನೆಯಲ್ಲಿ ಲೆಕ್ಕದ್ದೇ ತೊಂದರೆ. ಸೊಸೆಯ ಪ್ಯಾಕಿಂಗ್ ನಡೆಯುವುದು ಗಿರಣಿಯ ಹಿಂದಿನ ಶೆಡ್ಡಿನಲ್ಲಿ. ಬಾಡಿಗೆ ಇಲ್ಲ. ಕರೆಂಟ್ ಬಿಲ್ ಗಿರಣಿಯದು. ಅದಕ್ಕೇ ತಿಂಡಿಯಲ್ಲಿ ಲಾಭ ಜಾಸ್ತಿ ಕಾಣುತ್ತದೆ, ಗಿರಣಿಯಲ್ಲಿ ಕಡಿಮೆ. ಶೆಡ್ಡಿಗೆ ಊರಿನ ದರದಲ್ಲಿ ಬಾಡಿಗೆ ಬರೆಯಿರಿ, ಕರೆಂಟ್ ಹಂಚಿ. ಇದನ್ನು ಬಿಟ್ಟು ಮುಂದೆ ಹೋದರೆ ಮುಂದಿನ ಎಲ್ಲ ಅಂಕಿಯೂ ಸುಳ್ಳು.

ಸೆಳೆತದ ಅಳತೆ

ನಾಲ್ಕೈದು ಅಂಶ ಸಾಕು. ಹನ್ನೆರಡು ಅಂಶ ಇಟ್ಟವರ ಹಾಳೆಗಳನ್ನು ನೋಡಿದ್ದೇನೆ, ಕೊನೆಗೆ ಎಲ್ಲವೂ ಮಧ್ಯದ ಮನೆಗೆ ಬಂದು ಬೀಳುತ್ತವೆ. ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಕಡಿಮೆಯಾಗಿ ಸಮ ಆಗಿಬಿಡುತ್ತದೆ.

ನಮ್ಮ ಮನೆಯವರು ನಾಲ್ಕು ಇಟ್ಟುಕೊಂಡರು. ಮಾರುಕಟ್ಟೆ ಬೆಳೆಯುವ ವೇಗಕ್ಕೆ 100ರಲ್ಲಿ 30 ತೂಕ. ಆ ಕಸುಬಿನಲ್ಲಿ ಸಾಮಾನ್ಯವಾಗಿ ಸಿಗುವ ಲಾಭಕ್ಕೆ 30. ಪೈಪೋಟಿಗೆ 20. ಮಳೆ, ಸರ್ಕಾರಿ ನಿಯಮ, ಉದ್ರಿ ಇಂಥ ಅಪಾಯಕ್ಕೆ 20. ಈ ತೂಕ ನಾಲ್ಕೂ ವ್ಯಾಪಾರಕ್ಕೆ ಒಂದೇ. ಅಂಕ ಹಾಕಲು ಶುರು ಮಾಡುವ ಮೊದಲೇ ತೂಕ ಬರೆದು, ಎಲ್ಲರ ಸಹಿ ಹಾಕಿಸಿ. ಆಮೇಲೆ ತೂಕ ಬದಲಿಸೋಣ ಅಂದವರು ತಮ್ಮ ವ್ಯಾಪಾರವನ್ನು ಮೇಲೆತ್ತಲು ಹೊರಟಿದ್ದಾರೆ ಅಂತಲೇ ಅರ್ಥ.

ಪ್ರತಿ ಅಂಶಕ್ಕೂ 1ರಿಂದ 5 ಅಂಕ. 5 ಅಂದರೆ ನಮಗೆ ಅನುಕೂಲ. ಪೈಪೋಟಿ ಜಾಸ್ತಿ ಇದ್ದರೆ ಅಂಕ ಕಡಿಮೆ, ಅಪಾಯ ಜಾಸ್ತಿ ಇದ್ದರೂ ಕಡಿಮೆ. ಇಲ್ಲಿ ಎಡವುವವರು ತುಂಬಾ ಜನ.

ಸಿರಿಧಾನ್ಯದ ತಿಂಡಿಯನ್ನು ನೋಡೋಣ. ಬೆಳವಣಿಗೆ 5, ಲಾಭ 4, ಪೈಪೋಟಿ 2, ಅಪಾಯ 3. ತೂಕದಿಂದ ಗುಣಿಸಿದರೆ 1.5, 1.2, 0.4, 0.6. ಒಟ್ಟು 3.7. ಇದೇ ರೀತಿ ಡ್ರಿಪ್‌ಗೆ 3.1 ಬಂತು. ತೋಟದವರಿಗೆ ಬೇಕೇ ಬೇಕು, ಆದರೆ ಸಬ್ಸಿಡಿ ಹಣ ತಡವಾದರೆ ಅಂಗಡಿಯವರ ದುಡ್ಡು ಸಿಕ್ಕಿಕೊಳ್ಳುತ್ತದೆ. ಗಿರಣಿಗೆ 2.0, ಲಾರಿಗೆ 1.8.

1ರಿಂದ 5ರ ಅಳತೆಯನ್ನು ಮೂರು ಸಮ ಪಾಲು ಮಾಡಿದರೆ 2.33ರ ತನಕ ಕಡಿಮೆ, 3.67ರ ತನಕ ಮಧ್ಯಮ, ಅದರ ಮೇಲೆ ಜಾಸ್ತಿ. ತಿಂಡಿ ಕೂದಲೆಳೆಯಲ್ಲಿ ಮೇಲಿನ ಮನೆಗೆ ಹತ್ತಿದೆ. ಹೀಗೆ ಗೆರೆಯ ಹತ್ತಿರ ಇರುವುದನ್ನು ಒಮ್ಮೆ ಅಲುಗಾಡಿಸಿ ನೋಡಬೇಕು. ಬೆಳವಣಿಗೆಯ ತೂಕ 20ಕ್ಕೆ ಇಳಿಸಿ, ಪೈಪೋಟಿಯದು 30 ಮಾಡಿ. ಅದೇ ತಿಂಡಿ 3.4ಕ್ಕೆ ಇಳಿಯಿತು, ಮಧ್ಯಮ. ಅಂದರೆ ಅದರ ಸೆಳೆತ ಗಟ್ಟಿಯಲ್ಲ. ಈ ಅಲುಗಾಟವನ್ನು ಸಹಿ ಹಾಕಿದ ಹಾಳೆಯಲ್ಲಿ ಮಾಡಬೇಡಿ, ಪಕ್ಕದ ಹಾಳೆಯಲ್ಲಿ ಮಾಡಿ.

ತಾಕತ್ತಿನ ಅಳತೆ

ಇಲ್ಲಿ ಅಂಶಗಳು ವ್ಯಾಪಾರಕ್ಕೆ ತಕ್ಕಂತೆ ಬೇರೆ. ಗಿರಣಿಯಲ್ಲಿ ಗೆಲ್ಲಿಸುವುದು ಭತ್ತ ಕೊಳ್ಳುವ ಬೆಲೆ ಮತ್ತು ಕ್ವಿಂಟಲ್‌ಗೆ ಎಷ್ಟು ಅಕ್ಕಿ ಇಳಿಯುತ್ತದೆ ಅನ್ನುವುದು. ಡ್ರಿಪ್‌ನಲ್ಲಿ ಗೆಲ್ಲಿಸುವುದು ಸರ್ವಿಸ್.

ಎರಡು ಕಟ್ಟುನಿಟ್ಟು. ಒಂದು, ಹೋಲಿಕೆ ಊರಿನ ಅತಿ ದೊಡ್ಡ ಪೈಪೋಟಿದಾರನ ಜೊತೆ, ನಮ್ಮದೇ ಹೋದ ವರ್ಷದ ಜೊತೆ ಅಲ್ಲ. ‘ಹೋದ ಸಲಕ್ಕಿಂತ ಎರಡರಷ್ಟು ಮಾರಿದ್ದೀವಿ’ ಅನ್ನೋದು ಬೆಳವಣಿಗೆ, ತಾಕತ್ತಲ್ಲ. ಎದುರಿನವನು ಮೂರರಷ್ಟು ಮಾರಿರಬಹುದು. ಇನ್ನೊಂದು, ತಮ್ಮ ವ್ಯಾಪಾರಕ್ಕೆ ತಾವೇ ಅಂಕ ಹಾಕುವಂತಿಲ್ಲ. ಅವರು ಪುರಾವೆ ಇಡಲಿ, ಅಂಕ ಉಳಿದವರು ಹಾಕಲಿ.

ಡ್ರಿಪ್‌ಗೆ ಹೀಗೆ ಬಂತು. ಸರ್ವಿಸ್‌ಗೆ 40 ತೂಕ, ಅಂಕ 5. ಪುರಾವೆಯಾಗಿ ದೊಡ್ಡ ಮಗ ಫೋನ್ ಬರೆದಿಡುವ ಪುಸ್ತಕ ತಂದಿಟ್ಟ. ಡ್ರಿಪ್ಪರ್ ಕಟ್ಟಿಕೊಂಡಿದೆ ಅಂತ ಫೋನ್ ಬಂದ ದಿನ, ಹುಡುಗರು ತೋಟಕ್ಕೆ ಹೋದ ದಿನ, ಎರಡೂ ಪಕ್ಕಪಕ್ಕ. ಹೆಚ್ಚಿನವು ಒಂದೇ ದಿನದ ಅಂತರ. ಆ ಭಾಗದ ಮಾರುಕಟ್ಟೆಯಲ್ಲಿ ಪಾಲಿಗೆ 30 ತೂಕ, ಅಂಕ 4. ಕೊಳ್ಳುವ ಬೆಲೆಗೆ 15, ಅಂಕ 3. ಉದ್ರಿ ತಡೆದುಕೊಳ್ಳುವ ಬಂಡವಾಳಕ್ಕೆ 15, ಅಂಕ 2. ಒಟ್ಟು 3.95, ಜಾಸ್ತಿ.

ಗಿರಣಿಗೆ 3.8 ಬಂತು. ಅದೂ ಜಾಸ್ತಿಯೇ. ಲಾರಿಗೆ 1.7. ತಿಂಡಿಗೆ 1.9. ಸೊಸೆ ಬೇಜಾರಾದಳು. ‘ಅಷ್ಟು ಚೆನ್ನಾಗಿದೆ ಅಂತಾರೆ ಎಲ್ಲರೂ!’ ಮಾವ ಕೇಳಿದರು: ‘40 ಅಂಗಡಿಗೆ ಕೊಟ್ಟಿದ್ದೀಯಲ್ಲಮ್ಮ, ನೀನು ಫೋನ್ ಮಾಡದೆ ತಾವಾಗೇ ಮತ್ತೆ ಬೇಕು ಅಂದವರು ಎಷ್ಟು?’ ಎಣಿಸಿದರೆ 12.

ಎಲ್ಲರನ್ನೂ ಖುಷಿಪಡಿಸಲು 3 ಹಾಕುವ ಚಟ ಇರುತ್ತದೆ. ಅದಕ್ಕೊಂದು ಉಪಾಯ. ಒಂದು ವ್ಯಾಪಾರ ಹಿಡಿದು ಎಲ್ಲ ಅಂಶ ಮುಗಿಸಬೇಡಿ. ಒಂದು ಅಂಶ ಹಿಡಿದು ನಾಲ್ಕೂ ವ್ಯಾಪಾರಕ್ಕೆ ಅಂಕ ಹಾಕಿ. ಆಗ ಲಾರಿಯ ಲಾಭವನ್ನೂ ತಿಂಡಿಯ ಲಾಭವನ್ನೂ ಪಕ್ಕಪಕ್ಕ ನೋಡಿ ಎರಡಕ್ಕೂ 3 ಹಾಕಲು ಕೈ ಬರುವುದಿಲ್ಲ. ತಾಕತ್ತಿನಲ್ಲಿ ಅಂಶಗಳೇ ಬೇರೆಬೇರೆ, ಅಲ್ಲಿ ಪುರಾವೆಯೇ ಗತಿ.

ಪಟದ ಮೇಲೆ ಇಡುವುದು

ಪ್ರತಿ ವ್ಯಾಪಾರಕ್ಕೆ ಒಂದು ವೃತ್ತ. ವೃತ್ತದ ಗಾತ್ರ ಆ ಮಾರುಕಟ್ಟೆಯ ಗಾತ್ರ, ಅದರೊಳಗಿನ ಹೋಳು ನಮ್ಮ ಪಾಲು. ಆಮೇಲೆ ಒಂದು ಬಾಣ: ಏನೂ ಮಾಡದೆ ಸುಮ್ನೆ ಬಿಟ್ಟರೆ ಮೂರು ವರ್ಷದಲ್ಲಿ ಇದು ಎಲ್ಲಿರುತ್ತದೆ? ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಆದರೆ ದುಡ್ಡು ಹಾಕುವುದು ನಾಳೆಗೆ, ಪಟ ತೋರಿಸುವುದು ಇವತ್ತನ್ನು.

ಡ್ರಿಪ್ ಹಸಿರಿನಲ್ಲಿದೆ, ಆದರೆ ಅದರ ಬಾಣ ತಾಕತ್ತು ಕಡಿಮೆಯಾಗುವ ಕಡೆಗೆ. ಇರುವುದು ಎರಡೇ ಜೋಡಣೆ ತಂಡ. ತೋಟ ಹೆಚ್ಚಿದಂತೆ ಒಂದು ದಿನದ ಸರ್ವಿಸ್ ನಾಲ್ಕು ದಿನ ಆಗುತ್ತದೆ.

60 ಲಕ್ಷದ ಹಂಚಿಕೆ

ಡ್ರಿಪ್‌ಗೆ 35 ಲಕ್ಷ. ಅಂಗಡಿಗೆ ಗಾಜು ಹಾಕಿಸುವುದಕ್ಕಲ್ಲ. 20 ಲಕ್ಷ ಸರಕು ಮತ್ತು ಉದ್ರಿಗೆ, ಯಾಕೆಂದರೆ ಅಂಕ 2 ಬಂದಿದ್ದು ಅಲ್ಲೇ. 15 ಲಕ್ಷ ಇನ್ನೆರಡು ತಂಡಕ್ಕೆ, ಅವರ ಗಾಡಿ, ಸಾಮಾನಿಗೆ, ಯಾಕೆಂದರೆ 5 ಉಳಿಯಬೇಕಾದದ್ದು ಅಲ್ಲಿ. ಹಸಿರು ಮನೆ ಅಂದ ಮಾತ್ರಕ್ಕೆ ದುಡ್ಡು ಎಲ್ಲಾದರೂ ಸುರಿಯುವುದಲ್ಲ. ಯಾವ ಅಂಕವನ್ನು ಏರಿಸಲು ಅಥವಾ ಉಳಿಸಲು ಅಂತ ಹಾಳೆಯೇ ಹೇಳುತ್ತದೆ.

ತಿಂಡಿಗೆ 10 ಲಕ್ಷ, ಷರತ್ತಿನ ಮೇಲೆ. ಸೆಳೆತ ಜಾಸ್ತಿ, ತಾಕತ್ತು ಕಡಿಮೆ ಇರುವ ಮನೆ ಮಹಾ ಮೋಸದ್ದು. ಇಲ್ಲಿ ಚೂರುಪಾರು ದುಡ್ಡು ಹಾಕಿದರೆ ವರ್ಷಗಟ್ಟಲೆ ಒದ್ದಾಟ. ಅದಕ್ಕೇ ಗಡುವು: ಒಂದು ವರ್ಷದಲ್ಲಿ 40ರಲ್ಲಿ 25 ಅಂಗಡಿ ತಾವಾಗೇ ಮತ್ತೆ ಕೇಳಬೇಕು. ಕೇಳಿದರೆ ದೊಡ್ಡ ಮೊತ್ತ, ಇಲ್ಲವಾದರೆ ನಿಲ್ಲಿಸುವುದು. ಸೊಸೆಯೇ ಆ 25 ಅನ್ನು ಬರೆದಳು.

ಗಿರಣಿಗೆ 8 ಲಕ್ಷ. ರಬ್ಬರ್ ರೋಲು, ಬಣ್ಣ ಬೇರ್ಪಡಿಸುವ ಯಂತ್ರದ ರಿಪೇರಿ, ಅಷ್ಟೇ. ‘ಇಷ್ಟು ವರ್ಷ ಅನ್ನ ಹಾಕಿದ ಗಿರಣಿಗೆ ಇಷ್ಟೇನಾ?’ ಅಂದರು ಅಪ್ಪ. ಗಿರಣಿ ಕೆಂಪಿನಲ್ಲಿ ಇಲ್ಲ. ಮಾರುಕಟ್ಟೆ ಬೆಳೆಯದಿದ್ದರೂ ಅಲ್ಲಿ ನಾವೇ ಗಟ್ಟಿ, ಹಾಗಾಗಿ ವರ್ಷವರ್ಷ ರೊಕ್ಕ ಕೊಡುತ್ತದೆ. ಡ್ರಿಪ್ ಬೆಳೆಯುವುದೇ ಆ ರೊಕ್ಕದಿಂದ. ಹೊಸ ಲೈನ್ ಹಾಕಿದರೆ ಮಾತ್ರ ಆ ರೊಕ್ಕ ಅಲ್ಲೇ ಹೂತುಹೋಗುತ್ತದೆ. 7 ಲಕ್ಷ ಕೈಯಲ್ಲಿ ಇಟ್ಟುಕೊಂಡರು.

ಉಳಿದದ್ದು ಲಾರಿ. ಕಡಿಮೆ–ಕಡಿಮೆ, ಕೆಂಪಿನ ಮೂಲೆ. ಪಟ ನೋಡಿದರೆ ಮೂರನ್ನೂ ಮಾರಬೇಕು. ಆದರೆ ಮೂರರಲ್ಲಿ ಎರಡು ಲಾರಿ ಓಡುವುದು ಗಿರಣಿಗೇ. ಭತ್ತ ತರುವುದು, ಅಕ್ಕಿ ಸಾಗಿಸುವುದು. ಸುಗ್ಗಿಯಲ್ಲಿ ಹೊರಗಿನ ಲಾರಿ ಹುಡುಕಲು ಹೋದರೆ ಬಾಡಿಗೆಯೂ ಜಾಸ್ತಿ, ಲಾರಿ ಸಿಗುವ ಖಾತರಿಯೂ ಇಲ್ಲ. ಒಂದು ವ್ಯಾಪಾರ ಇನ್ನೊಂದರ ಮೇಲೆ ನಿಂತಿರುವುದು ಈ ಪಟಕ್ಕೆ ಕಾಣುವುದಿಲ್ಲ. ಇದರ ದೊಡ್ಡ ಕುರುಡು ಇದೇ.

ಲಾರಿಯ ಲೆಕ್ಕ ಮತ್ತೆ ತೆಗೆದರು. ಗಿರಣಿಯ ಸರಕಿಗೆ ಹೊರಗಿನವರು ಕೇಳುವ ಬಾಡಿಗೆಯನ್ನೇ ಬರೆದರೆ ಎರಡು ಲಾರಿ ಗಿಟ್ಟುತ್ತವೆ. ಹೊರಗಿನ ಲೋಡಿಗೆ ಅಲೆಯುವ ಮೂರನೆಯದು ಮಾತ್ರ ನಷ್ಟ. ಅದನ್ನು ಮಾರಿದರು. ಎರಡನ್ನು ಗಿರಣಿಯ ಲೆಕ್ಕಕ್ಕೆ ಸೇರಿಸಿದರು, ಗಿರಣಿಯ ಅಂಕ ಮತ್ತೊಮ್ಮೆ ಹಾಕಿದರು. ನಿಜ ಹೇಳಬೇಕೆಂದರೆ ಲಾರಿ ಬೇರೆ ವ್ಯಾಪಾರ ಆಗಿರಲೇ ಇಲ್ಲ. ಮೊದಲ ಹೆಜ್ಜೆಯಲ್ಲೇ ಅದು ಸಿಕ್ಕಬೇಕಿತ್ತು.

‘ಹಾಗಾದ್ರೆ ನಾನು?’ ಅಂದ ಚಿಕ್ಕ ಮಗ.

ಡ್ರಿಪ್‌ನ ಹೊಸ ಎರಡು ತಂಡಗಳಿಗೆ ಯಾರು ಅನ್ನುವುದು ಇನ್ನೂ ಬರೆದಿರಲಿಲ್ಲ. ಚನ್ನಗಿರಿ ಕಡೆಯ ತೋಟದ ದಾರಿಗಳು ಅವನಿಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.