ಇಂಗ್ಲಿಷ್ ಅಗ್ರಿಮೆಂಟಿನ ಪೇಂಟಿಂಗ್ ಷರತ್ತು: ಓನರ್‌ಗೆ ಕನ್ನಡದಲ್ಲೇ ಮೇಲ್ ಬರೆದು ಉತ್ತರ ಪಡೆದ ಬಗೆ

ಬಾಡಿಗೆ ಮನೆಯ ಅಗ್ರಿಮೆಂಟ್ ಇಂಗ್ಲಿಷಿನಲ್ಲಿದ್ದ ಮೇಲೆ ಅದರ ಷರತ್ತಿನ ಬಗ್ಗೆ ಓನರ್‌ಗೆ ಪ್ರಶ್ನೆಯನ್ನೂ ಇಂಗ್ಲಿಷಿನಲ್ಲೇ ಕೇಳಬೇಕು, ಇಲ್ಲವೇ ಫೋನಿನಲ್ಲಿ ಮಾತಾಡಿ ಮುಗಿಸಬೇಕು ಎಂದೇ ಎಲ್ಲರೂ ಹೇಳುತ್ತಿದ್ದರು. ಎರಡೂ ಕೈಹಿಡಿಯಲಿಲ್ಲ. ಇಂಗ್ಲಿಷ್ ಮೇಲ್‌ಗೆ ‘ಓಕೆ’ ಅನ್ನುವಷ್ಟು ಉತ್ತರ, ಫೋನಿನಲ್ಲಿ ‘ಖಾಲಿ ಮಾಡುವಾಗ ನೋಡ್ಕೊಳ್ಳೋಣ ಬಿಡಿ’. ಒಂದೇ ಷರತ್ತು ಹಿಡಿದು, ಲೆಕ್ಕ ಹಾಕಿ, ಕನ್ನಡದಲ್ಲಿ ಬರೆದ ಮೇಲ್‌ಗೆ ಮಾತ್ರ ಅಂಕಿ ಸಮೇತ ಉತ್ತರ ಬಂತು. ಬರುತ್ತದೆಂದು ಮೊದಲಿನಿಂದಲೂ ಹೇಳುತ್ತಿದ್ದವನು ನಾನೊಬ್ಬನೇ. ಆ ಇಂಗ್ಲಿಷ್ ಸಾಮಾನ್ಯವಾಗಿ ಓನರ್ ಬರೆದದ್ದಲ್ಲ. ಟೈಪಿಂಗ್ ಅಂಗಡಿಯ ಹಳೆಯ ಫೈಲಿನಲ್ಲಿ ಹೆಸರು, ವಿಳಾಸ, ಬಾಡಿಗೆ ಬದಲಾಯಿಸಿ ತೆಗೆದ ಪ್ರಿಂಟು. ಅದರ ಅರ್ಥ ಕೇಳಿದರೆ ಓನರ್‌ಗೂ ಗೊತ್ತಿರುವುದಿಲ್ಲ. ದುಡ್ಡಿನ ಲೆಕ್ಕ ಕೇಳಿದರೆ ಗೊತ್ತಿರುತ್ತದೆ.

ಮೇಲ್‌ಗೆ ಲಗತ್ತಿಸಲು ಅಗ್ರಿಮೆಂಟಿನ ಪುಟದ ಫೋಟೋ ಬೇಕು, ಮೊದಲ ತೊಡಕು ಅದರದ್ದೇ. ಸ್ಟ್ಯಾಂಪ್ ಪೇಪರಿನ ಹಿನ್ನೆಲೆಯ ಬಣ್ಣದ ಗೆರೆಗಳ ಮೇಲೆ ಸಣ್ಣ ಅಕ್ಷರ, ಅದರ ಮೇಲೊಂದು ಸೀಲು, ಸಾಲದ್ದಕ್ಕೆ ಹಾಳೆಯ ಮಡಿಕೆ. ಅಕ್ಷರ ಎತ್ತಿಕೊಡುವ ಆ್ಯಪ್‌ಗಳು ಎಡವುವುದು ಇಲ್ಲೇ. ರೂಪಾಯಿ ಚಿಹ್ನೆಯನ್ನು 7 ಅಥವಾ 2 ಎಂದು ಓದಿದರೆ 18,000 ಹೋಗಿ 7,18,000 ಆಗುತ್ತದೆ. ಮೊತ್ತದ ಕೊನೆಯ ಓರೆಗೆರೆ 1 ಆಗುತ್ತದೆ. ಮಡಿಕೆಯಲ್ಲಿ ‘not’ ಎನ್ನುವ ಪುಟ್ಟ ಪದ ನುಂಗಿಹೋದರಂತೂ ಷರತ್ತೇ ತಲೆಕೆಳಗು. ಅಂಕಿಯ ಪಕ್ಕ ಅಕ್ಷರದಲ್ಲೂ ಮೊತ್ತ ಇದ್ದರೆ ಎರಡನ್ನೂ ಕಣ್ಣಿನಿಂದಲೇ ತಾಳೆ ನೋಡಬೇಕು. ಕಪ್ಪು-ಬಿಳುಪು ಫಿಲ್ಟರ್ ಕೂಡ ಹಾಕಿ ನೋಡಿದೆ. ಹಿನ್ನೆಲೆ ಹೋಯಿತು ನಿಜ, ಜೊತೆಗೆ ಅಲ್ಪವಿರಾಮಗಳೂ ಹೋದವು. ಫ್ಲಾಶ್ ಇಲ್ಲದೆ, ಕಿಟಕಿ ಬೆಳಕಿನಲ್ಲಿ, ನೇರ ಮೇಲಿನಿಂದ ತೆಗೆದ ಬಣ್ಣದ ಫೋಟೋನೇ ವಾಸಿ. ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿಕೊಳ್ಳಿ, ಇಲ್ಲದಿದ್ದರೆ ಅಕ್ಷರ ಮಸುಕಾಗುತ್ತದೆ.

ಉದಾಹರಣೆಗೆ ಒಂದು ಷರತ್ತು ತೆಗೆದುಕೊಳ್ಳೋಣ. ಬಾಡಿಗೆ 18,000, ಅಡ್ವಾನ್ಸ್ 1 ಲಕ್ಷ, 11 ತಿಂಗಳ ಮೇಲೆ ಶೇ. 5 ಏರಿಕೆ. 9ನೇ ಷರತ್ತಿನ ಪ್ರಕಾರ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಹಾನಿಯಾಗಿದ್ದರೆ ಅದರ ಖರ್ಚು ಬೇರೆ, ಸಹಜ ಸವೆತಕ್ಕೆ ಮಾತ್ರ ವಿನಾಯಿತಿ. ಯಾವ ಬಾಡಿಗೆ, 18,000 ಅಥವಾ 18,900? ವ್ಯತ್ಯಾಸ 900 ರೂಪಾಯಿ, ಅದು ಸಣ್ಣದು. ದೊಡ್ಡದಿರುವುದು ಗೋಡೆಯ ಮೊಳೆ ತೂತಿನಲ್ಲಿ. ಅದು ಪೇಂಟಿಂಗ್‌ನಲ್ಲೇ ಸೇರಿತೋ, ಹಾನಿ ಎಂದು ಇನ್ನೊಮ್ಮೆ ಹಿಡಿಯುತ್ತಾರೋ? ಒಂದೇ ಗೋಡೆಗೆ ಎರಡು ಸಲ ದುಡ್ಡು ಹೋಗುವುದು ಈ ಸಂದಿಯಲ್ಲಿ.

ಮೇಲ್ ಹೀಗಿತ್ತು, ವಿಷಯ ‘ಬಾಡಿಗೆ ಅಗ್ರಿಮೆಂಟ್, ಪುಟ 3, ಷರತ್ತು 9: ಪೇಂಟಿಂಗ್ ಕಡಿತ’:

“ನಮಸ್ಕಾರ ಸರ್. ಅಗ್ರಿಮೆಂಟಿನ 3ನೇ ಪುಟದ ಫೋಟೋ ಲಗತ್ತಿಸಿದ್ದೇನೆ, 9ನೇ ಷರತ್ತಿಗೆ ಗುರುತು ಹಾಕಿದ್ದೇನೆ. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಖಾಲಿ ಮಾಡುವಾಗ ಪೇಂಟಿಂಗ್‌ಗೆ ಆಗಿನ ಒಂದು ತಿಂಗಳ ಬಾಡಿಗೆ, ಅಂದರೆ 18,900 ರೂ. ಹಿಡಿದು, ಅಡ್ವಾನ್ಸಿನಲ್ಲಿ 81,100 ರೂ. ವಾಪಸ್ ಕೊಡುತ್ತೀರಿ. ಮೊಳೆ ತೂತು, ಗೋಡೆಯ ಕಲೆ ಈ ಮೊತ್ತದಲ್ಲೇ ಸೇರುತ್ತವೆ. ಒಡೆದ ಟೈಲ್ಸ್, ನಲ್ಲಿ ಇಂಥವಿದ್ದರೆ ಬಿಲ್ ಪ್ರಕಾರ ಬೇರೆ. ಇದು ಸರಿಯೇ? ಬೇರೆ ರೀತಿ ಇದ್ದರೆ ದಯವಿಟ್ಟು ತಿಳಿಸಿ ಸರ್.”

‘ಇದರ ಅರ್ಥವೇನು’ ಎಂದು ಕೇಳಿದ ಮೇಲ್‌ಗಳು ಉತ್ತರವಿಲ್ಲದೆ ಬಿದ್ದಿರುತ್ತವೆ, ಯಾಕೆಂದರೆ ಓನರ್ ಕುಳಿತು ವಿವರಣೆ ಬರೆಯಬೇಕಾಗುತ್ತದೆ. ನಮ್ಮ ಓದನ್ನು ನಾವೇ ಬರೆದಿಟ್ಟರೆ ಅವರು ‘ಸರಿ’ ಅಂದರೂ ಸಾಕು, ಅದರ ಮೇಲೆ ತಾರೀಕು ಬಿದ್ದಿರುತ್ತದೆ. ಲಾಕ್-ಇನ್, ನೋಟಿಸ್ ಅವಧಿಯನ್ನೂ ಅದೇ ಮೇಲ್‌ನಲ್ಲಿ ತುರುಕಿದರೆ ಸುಲಭದ್ದಕ್ಕಷ್ಟೇ ಉತ್ತರ ಬರುತ್ತದೆ. ಯಾವ ದಿನ, ಯಾವ ಹೊತ್ತಿಗೆ ಕಳಿಸಬೇಕು ಎನ್ನುವುದಕ್ಕೂ ನನ್ನದೊಂದು ಲೆಕ್ಕವಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಬೇಡಿ. ಆಚೆ ಕಡೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಯೂನಿಕೋಡ್ ಕಡ್ಡಾಯ. ವಾಯ್ಸ್ ಮೆಸೇಜಿನ ಪ್ರಯೋಗವೂ ಆಯಿತು. ಅದಕ್ಕೆ ಅವರು ಫೋನ್ ಮಾಡುತ್ತಾರೆ, ಬರಹದಲ್ಲಿ ಏನೂ ಉಳಿಯುವುದಿಲ್ಲ.

ಮೇಲ್‌ನ ‘ಸರಿ’ ಅಗ್ರಿಮೆಂಟನ್ನು ತಿದ್ದಿದಂತಲ್ಲ, ಷರತ್ತನ್ನು ಇಬ್ಬರೂ ಹೇಗೆ ಓದಿಕೊಂಡೆವು ಎನ್ನುವುದಕ್ಕೆ ದಾಖಲೆ ಅಷ್ಟೇ. ಸಹಿ ಮಾಡಿದ ಲಿಖಿತ ತಿದ್ದುಪಡಿ ಮಾತ್ರ ಲೆಕ್ಕಕ್ಕೆ ಎಂಬ ಷರತ್ತು ಎಷ್ಟೋ ಅಗ್ರಿಮೆಂಟುಗಳ ಕೊನೆಯಲ್ಲಿರುತ್ತದೆ, ಮೇಲ್ ಬರೆಯುವ ಮುಂಚೆ ಆ ಪುಟವನ್ನೂ ಓದಿ. 11 ತಿಂಗಳಿಗೆ ರಿನ್ಯೂ ಮಾಡುವಾಗ ಆ ಮೇಲ್‌ನ ಪ್ರಿಂಟ್ ಟೈಪಿಸ್ಟ್ ಕೈಗೆ ಕೊಟ್ಟು, ‘ಮೊಳೆ ತೂತು ಪೇಂಟಿಂಗ್ ಮೊತ್ತದಲ್ಲಿ ಸೇರಿದೆ’ ಎಂಬ ಸಾಲನ್ನು 9ನೇ ಷರತ್ತಿನಲ್ಲೇ ಟೈಪ್ ಮಾಡಿಸಿ, ಇಬ್ಬರ ಸಹಿ ಬೀಳುವ ಮುಂಚೆ ಪುಟ ತಿರುವಿ ನೋಡಿ.