ಸ್ಕೂಟರ್ ಜಾರಿದ ಮೇಲೆ ಟೈರ್ ಪಾಲಿಶ್ ಬಗ್ಗೆ ಕಲಿತದ್ದು

ನಮ್ಮದು ಸಣ್ಣ ವಾಟರ್ ಸರ್ವಿಸ್. ಶುರುವಿನಲ್ಲಿ ಎಲ್ಲರಂತೆ ನಾನೂ ಟೈರಿಗೆ ಡೀಸೆಲ್ ಒರೆಸುತ್ತಿದ್ದೆ. ಖರ್ಚು ಕಡಿಮೆ, ಆ ಕ್ಷಣಕ್ಕೆ ಕಪ್ಪಗೆ ಮಿಂಚುತ್ತೆ. ಆಮೇಲೆ ಟೈರ್ ಪಾಲಿಶ್‌ನ ಸ್ಪ್ರೇ ಡಬ್ಬಿ ಬಂತು. ಒಂದು ಭಾನುವಾರ ಉಳಿದಿದ್ದ ಸ್ಪ್ರೇಯನ್ನು ನನ್ನ ಸ್ಕೂಟರ್ ಟೈರಿಗೂ ಹೊಡೆದೆ. ಗೇಟು ದಾಟಿ ಎಡಕ್ಕೆ ತಿರುಗಿಸಿದ್ದೇ ತಡ, ಹಿಂದಿನ ಚಕ್ರ ಸರ್ರನೆ ಜಾರಿ ಮಂಡಿ ತರಚಿತು. ನಿಧಾನಕ್ಕಿದ್ದೆ, ಬಚಾವಾದೆ.

ಕಾರಿನ ಟೈರಿನ ಪಕ್ಕದ ಗೋಡೆ ರಸ್ತೆಗೆ ತಾಗುವುದಿಲ್ಲ. ಆದರೆ ಬೈಕ್ ವಾಲಿದಾಗ ಟೈರಿನ ಅಂಚೇ ನೆಲಕ್ಕೆ ಕೂರುತ್ತೆ. ಅಲ್ಲಿ ಸ್ಪ್ರೇಯಲ್ಲಿರುವ ಸಿಲಿಕೋನ್ ಎಣ್ಣೆ ಇದ್ದರೆ ಹಿಡಿತ ಎಲ್ಲಿಂದ ಬರಬೇಕು? ಬರೀ ನೀರು ಹೊಡೆದರೆ ಅದು ಹೋಗುವುದೂ ಇಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೂರು ಸಲ ಬ್ರಷ್‌ನಲ್ಲಿ ಉಜ್ಜಿದೆ. ಅಂದಿನಿಂದ ಎರಡು ಚಕ್ರದ ಗಾಡಿಯ ಟೈರಿಗೆ ನಮ್ಮಲ್ಲಿ ಪಾಲಿಶ್ ಇಲ್ಲ, ಎಷ್ಟೇ ಕೇಳಿದರೂ ಇಲ್ಲ.

ಡೀಸೆಲ್ ಬಿಟ್ಟದ್ದು ಇನ್ನೊಂದು ಕಾರಣಕ್ಕೆ. ಹಳೇ ಟ್ಯೂಬಿನಿಂದ ಒಂದೇ ಅಳತೆಯ ಎರಡು ತುಂಡು ಕತ್ತರಿಸಿ, ಒಂದನ್ನು ಡೀಸೆಲ್‌ನಲ್ಲಿ, ಇನ್ನೊಂದನ್ನು ಹಾಲಿನಂತಿರುವ ನೀರು ಬೆರೆತ ಪಾಲಿಶ್‌ನಲ್ಲಿ ರಾತ್ರಿಯಿಡೀ ಅದ್ದಿಟ್ಟೆ. ಬೆಳಗ್ಗೆ ಡೀಸೆಲ್ ತುಂಡು ಉಬ್ಬಿ, ಮೆತ್ತಗಾಗಿತ್ತು. ಇನ್ನೊಂದು ಹಾಗೇ ಇತ್ತು. ಟೈರ್ ರಬ್ಬರಿನೊಳಗೆ ಬಿಸಿಲು, ಗಾಳಿಯಿಂದ ಕಾಪಾಡುವ ಮೇಣ, ಕೆಮಿಕಲ್ ಸೇರಿಸಿರುತ್ತಾರೆ. ಡೀಸೆಲ್, ಪೆಟ್ರೋಲ್ ತರದ ದ್ರಾವಕಗಳನ್ನು ಮತ್ತೆ ಮತ್ತೆ ಹಚ್ಚಿದರೆ ಅವು ಕರಗಿ ಹೊರಬರುತ್ತವೆ. ಸಿಲಿಕೋನ್ ತಾನಾಗಿ ರಬ್ಬರನ್ನು ತಿನ್ನುವುದಿಲ್ಲ. ಹಾಗಾಗಿ ಡಬ್ಬಿಯಲ್ಲಿ ಸಿಲಿಕೋನ್ ಇದೆಯಾ ಅನ್ನೋದಕ್ಕಿಂತ ಅದನ್ನು ಯಾವುದರಲ್ಲಿ ಬೆರೆಸಿದ್ದಾರೆ ಅನ್ನೋದನ್ನೇ ನೋಡುತ್ತೇನೆ. ಮೂಗಿಗೆ ಪೆಟ್ರೋಲ್ ವಾಸನೆ ಬಡಿದರೆ ನನಗೆ ಬೇಡ.

ಈಗ ಮಾಡೋದು ಇಷ್ಟೇ. ಮೊದಲು ಸೋಪು ಹಾಕಿ ಟೈರ್ ಉಜ್ಜುತ್ತೇನೆ. ನೊರೆ ಕಂದು ಬಣ್ಣಕ್ಕೆ ಬರುತ್ತೆ. ಅದರಲ್ಲಿ ಕೊಳೆಯ ಜೊತೆ ರಬ್ಬರಿನ ಒಳಗಿಂದ ಮೇಲೆ ಬಂದ ಕೆಮಿಕಲ್ಲೂ ಇರುತ್ತೆ, ಗಾಬರಿ ಬೇಡ. ನೊರೆ ಬೆಳ್ಳಗಾದ ಮೇಲೆ ಪೂರ್ತಿ ಒಣಗಿಸಿ, ಐದು ರೂಪಾಯಿ ನಾಣ್ಯದಷ್ಟು ಪಾಲಿಶ್ ಸ್ಪಂಜಿಗೆ ಹಾಕಿ ಪಕ್ಕದ ಗೋಡೆಗೆ ಮಾತ್ರ ಸವರುತ್ತೇನೆ. ಹದಿನೈದು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ, ಬೆರಳಿಟ್ಟು ನೋಡುತ್ತೇನೆ. ಬೆರಳಿಗೆ ಅಂಟಿದರೆ ಗಾಡಿ ಓಡುವಾಗ ಅದೇ ಎಣ್ಣೆ ಡೋರಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಸಿಡಿಯುತ್ತೆ. ಸ್ಪ್ರೇ ಡಬ್ಬಿಯಾದರೆ ಬ್ರೇಕ್ ಡಿಸ್ಕಿಗೂ ಹಾರುತ್ತೆ, ನೆಲದ ಟೈಲ್ಸ್ ಮೇಲೂ ಕೂರುತ್ತೆ. ಆ ಟೈಲ್ಸ್ ಮೇಲೆ ಚಪ್ಪಲಿ ಹಾಕಿ ನಡೆದವರಿಗೆ ಗೊತ್ತು.

ಮೊನ್ನೆ ಒಬ್ಬರು, "ಅಣ್ಣಾ, ನೀನು ಪಾಲಿಶ್ ಮಾಡಿಯೇ ಟೈರ್ ಬಿರುಕು ಬಿಟ್ಟಿದೆ" ಅಂತ ಜಗಳಕ್ಕೆ ಬಂದರು. ಟೈರ್ ಮೇಲಿನ ನಾಲ್ಕು ಅಂಕಿ ತೋರಿಸಿದೆ: 2315. ಅಂದರೆ 2015ರ 23ನೇ ವಾರ ತಯಾರಾದದ್ದು. ಪಾಲಿಶ್ ಹೊಳಪಲ್ಲಿ ಬಿರುಕು ಇಷ್ಟು ದಿನ ಕಾಣಿಸಿರಲಿಲ್ಲ, ಅಷ್ಟೇ. ಮರುದಿನವೇ ನಾಲ್ಕೂ ಟೈರ್ ಬದಲಿಸಿಕೊಂಡು ಬಂದರು.